ಒಂಬತ್ತಡಿ ಅಡಿಕೆ, ಇಪ್ಪತ್ತೈದಡಿ ತೆಂಗು: ಅಂತರ ತಿಳಿದರೆ ಗೊಬ್ಬರ, ಅಂತರಬೆಳೆಯ ಲೆಕ್ಕ ಸುಲಭ

ಒಂದು ಕಾಲದಲ್ಲಿ ಅಡಿಕೆ ಎಂದರೆ ಮಲೆನಾಡು, ಕರಾವಳಿ ಅಥವಾ ಬಯಲುಸೀಮೆಯ ಕೆರೆ ಹಿಂದಿನ ತೋಟ ಅಷ್ಟೇ ಆಗಿತ್ತು. ಈಗ ಬೆಂಗಳೂರಿನಿಂದ ತುಮಕೂರು, ತಿಪಟೂರಿನ ಕಡೆಗೆ ಹೊರಟರೆ ಕೊಳವೆಬಾವಿ ನೀರಿನಲ್ಲಿ ಬೆಳೆದ ಅಡಿಕೆ ತೋಟಗಳು, ಹಳೆಯ ತೆಂಗಿನ ಸಾಲುಗಳ ನಡುವೆ ಎದ್ದ ಅಡಿಕೆ ಗಿಡಗಳು ದಾರಿಯುದ್ದಕ್ಕೂ ಕಾಣುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ತೋಟಗಾರಿಕೆ ಓದುವವರಿಗೆ ಇದು ಬರೀ ಪರೀಕ್ಷೆಯ ಪಾಠವಲ್ಲ. ಊರಿಗೆ ಹೋದಾಗ ಮನೆಯವರೇ ಕೇಳುವ ಪ್ರಶ್ನೆ: ತೆಂಗಿನ ನಡುವೆ ಅಡಿಕೆ ಇಡಬಹುದಾ? ಎಷ್ಟು ದೂರಕ್ಕೆ? ಗೊಬ್ಬರ ಎಷ್ಟು?

ಪುಸ್ತಕದಲ್ಲಿ ಅಂತರ, ಪೋಷಕಾಂಶ, ಅಂತರಬೆಳೆ ಎಂಬ ಮೂರು ಪ್ರತ್ಯೇಕ ಶೀರ್ಷಿಕೆಗಳಿರುತ್ತವೆ. ಹಾಗಾಗಿ ಹೆಚ್ಚಿನವರು ಮೂರನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ನಿಜಕ್ಕೂ ಮೂರರ ಬುಡ ಒಂದೇ. ಅಂತರ ಯಾಕೆ ಅಷ್ಟಿದೆ ಎನ್ನುವುದು ಅರ್ಥವಾದರೆ ಉಳಿದೆರಡನ್ನು ಕಾಗದದ ಮೇಲೆ ನಾವೇ ಲೆಕ್ಕ ಹಾಕಿಕೊಳ್ಳಬಹುದು.

## ಅಂತರ ಎಂದರೆ ಬೇರಿನ ಲೆಕ್ಕ, ಬಿಸಿಲಿನ ಲೆಕ್ಕ

ಶಿಫಾರಸು ಮಾಡಿದ ಅಂತರ ಅಡಿಕೆಗೆ 2.7 ಮೀಟರ್ × 2.7 ಮೀಟರ್, ತೆಂಗಿಗೆ 7.5 ಮೀಟರ್ × 7.5 ಮೀಟರ್. ರೈತರ ಮಾತಿನಲ್ಲಿ ಇವೇ ಒಂಬತ್ತಡಿ, ಇಪ್ಪತ್ತೈದಡಿ. ಗಿಡದ ಸಂಖ್ಯೆ ಬೇಕಾದರೆ ಜಮೀನಿನ ವಿಸ್ತೀರ್ಣವನ್ನು ಒಂದು ಗಿಡಕ್ಕೆ ಸಿಗುವ ಜಾಗದಿಂದ ಭಾಗಿಸಬೇಕು. ಅಡಿಕೆಗೆ ಒಂದು ಗಿಡಕ್ಕೆ 7.29 ಚದರ ಮೀಟರ್, ಆದ್ದರಿಂದ ಹೆಕ್ಟೇರಿಗೆ 1,371 ಗಿಡ, ಎಕರೆಗೆ ಸುಮಾರು 555. ತೆಂಗಿಗೆ 56.25 ಚದರ ಮೀಟರ್, ಹೆಕ್ಟೇರಿಗೆ 177, ಎಕರೆಗೆ ಸುಮಾರು 70. ಬೇಲಿ, ದಾರಿ, ಬಸಿಗಾಲುವೆ ಕಳೆದರೆ ಹೊಲದಲ್ಲಿ ಇದಕ್ಕಿಂತ ಕಡಿಮೆಯೇ ಕೂರುತ್ತವೆ. ತೆಂಗನ್ನು ಚೌಕದ ಬದಲು ತ್ರಿಕೋನ ಪದ್ಧತಿಯಲ್ಲಿ ನೆಟ್ಟರೆ ಅದೇ 7.5 ಮೀಟರಿಗೆ ಸುಮಾರು ಶೇ 15ರಷ್ಟು ಹೆಚ್ಚು ಗಿಡ ಹಿಡಿಯುತ್ತವೆ. ಆದರೆ ಮುಂದೆ ಅಂತರಬೆಳೆ ಮಾಡುವ ಯೋಚನೆಯಿದ್ದರೆ ಚೌಕವೇ ಅನುಕೂಲ, ಎರಡೂ ದಿಕ್ಕಿಗೆ ನೇರ ಸಾಲು ಸಿಗುತ್ತದೆ.

ಇನ್ನು ನೆಲದೊಳಗೆ ನೋಡೋಣ. ಅಡಿಕೆ, ತೆಂಗು ಎರಡಕ್ಕೂ ತಾಯಿಬೇರಿಲ್ಲ. ಕಾಂಡದ ಬುಡದಿಂದ ಹುರಿಯಂಥ ಬೇರುಗಳು ಸುತ್ತಲೂ ಹೊರಡುತ್ತವೆ. ಚೆನ್ನಾಗಿ ನೋಡಿಕೊಂಡ ತೆಂಗಿನ ಮರದಲ್ಲಿ ಸುಮಾರು ಮುಕ್ಕಾಲು ಭಾಗ ಬೇರುಗಳು ಬುಡದಿಂದ 2 ಮೀಟರ್ ದೂರವನ್ನು ದಾಟುವುದಿಲ್ಲ. ಎರಡು ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 12.6 ಚದರ ಮೀಟರ್. ಮರಕ್ಕೆ ಕೊಟ್ಟ ಜಾಗ 56 ಚದರ ಮೀಟರ್. ಅಂದರೆ ತೆಂಗು ತನ್ನ ಪಾಲಿನ ನೆಲದಲ್ಲಿ ಶೇ 22ರಷ್ಟನ್ನು ಮಾತ್ರ ಗಟ್ಟಿಯಾಗಿ ಬಳಸುತ್ತದೆ. ಅಡಿಕೆಯ ಬಹುಪಾಲು ಬೇರು ಒಂದು ಮೀಟರಿನೊಳಗೇ ಇರುತ್ತದೆ. ಹಾಗೆ ಲೆಕ್ಕ ಹಾಕಿದರೆ ಅದು ಬಳಸುವುದು ಶೇ 43ರಷ್ಟು.

ಹಾಗಿದ್ದರೆ ಗಿಡಗಳನ್ನು ಇನ್ನೂ ಹತ್ತಿರ ನೆಡಬಹುದಲ್ಲ ಎನ್ನಿಸುತ್ತದೆ. ಬೇರಿಗೆ ಜಾಗವಿದ್ದರೂ ಎಲೆಗೆ ಇರುವುದಿಲ್ಲ. ಬೆಳೆದ ತೆಂಗಿನ ಗರಿ ಐದಾರು ಮೀಟರ್ ಚಾಚುತ್ತದೆ. ಪಕ್ಕದ ಮರದ ಗರಿಗೆ ಗರಿ ಹೆಣೆದುಕೊಂಡರೆ ಕೆಳಗಿನ ಗರಿಗಳು ನೆರಳಿಗೆ ಬೀಳುತ್ತವೆ, ಹೊಂಬಾಳೆಯಲ್ಲಿ ಕಾಯಿ ನಿಲ್ಲುವುದು ಕಡಿಮೆಯಾಗುತ್ತದೆ. ಅಡಿಕೆಯನ್ನು ಆರಡಿಗೆ ನೆಟ್ಟ ತೋಟಗಳನ್ನು ಗಮನಿಸಿ. ಗಿಡ ಬಿಸಿಲು ಹುಡುಕಿಕೊಂಡು ಸೊರಗಿದ ಕಾಂಡದೊಂದಿಗೆ ಎತ್ತರಕ್ಕೆ ಓಡುತ್ತದೆ, ಫಲ ಬರುವುದು ತಡವಾಗುತ್ತದೆ, ಮಳೆಗಾಲದಲ್ಲಿ ತೋಟದೊಳಗೆ ತೇವ ಆರುವುದೇ ಇಲ್ಲ. ಕೊಳೆರೋಗಕ್ಕೆ ಬೇಕಾದ್ದು ಅದೇ ತೇವ. ಔಷಧಿ ಹೊಡೆಯುವ ಖರ್ಚೂ ಹೆಚ್ಚು, ಫಲವೂ ಕಡಿಮೆ.

## ಬಯಲುಸೀಮೆಯಲ್ಲಿ ಸಾಲಿನ ದಿಕ್ಕು ಮರೆಯಬಾರದು

ಅಡಿಕೆಗೆ ಅಂತರದಷ್ಟೇ ಮುಖ್ಯ ಸಾಲಿನ ದಿಕ್ಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ನಂತರದ ಬಿಸಿಲು ನೈಋತ್ಯದಿಂದ ಓರೆಯಾಗಿ ಬಂದು ಕಾಂಡಕ್ಕೆ ನೇರವಾಗಿ ಬಡಿಯುತ್ತದೆ. ಎಳೆ ಕಾಂಡದ ಆ ಬದಿ ಮೊದಲು ಬಂಗಾರದ ಹಳದಿಗೆ ತಿರುಗುತ್ತದೆ, ಆಮೇಲೆ ಕಂದಾಗಿ ಸೀಳುತ್ತದೆ. ಸೀಳಿದಲ್ಲಿ ಕೊಳೆ ಸೇರಿಕೊಂಡು, ಕೆಲವು ವರ್ಷಗಳ ಬಳಿಕ ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಮಲೆನಾಡಿನ ಕಣಿವೆಗಳಲ್ಲಿ ಗುಡ್ಡ, ಕಾಡಿನ ನೆರಳು ಇದನ್ನು ತಡೆಯುತ್ತಿತ್ತು. ತುಮಕೂರಿನ ಬಯಲಿನಲ್ಲಿ ತಡೆಯುವುದಕ್ಕೆ ಏನೂ ಇಲ್ಲ.

ಆದ್ದರಿಂದ ಉತ್ತರ–ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ನೆಡಬೇಕು ಎಂಬ ಶಿಫಾರಸಿದೆ. ಹೀಗೆ ಮಾಡಿದರೆ ಒಂದು ಗಿಡದ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತದೆ. ಆದರೂ ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿನ ಗಿಡಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ಅಲ್ಲಿ ಬೇಗ ಬೆಳೆಯುವ ನೆರಳಿನ ಗಿಡಗಳ ಸಾಲು ಬೇಕು. ಕಾಂಡಕ್ಕೆ ಸುಣ್ಣ ಬಳಿಯುವುದು, ಅಡಿಕೆ ಹಾಳೆ ಅಥವಾ ಸೋಗೆ ಕಟ್ಟುವುದು ಅದೇ ಉದ್ದೇಶಕ್ಕೆ.

ಗುಂಡಿಯ ಆಳ ಮಣ್ಣನ್ನು ನೋಡಿ. ನೀರು ಬಸಿಯುವ ಕೆಂಪು ಮಣ್ಣಿನಲ್ಲಿ 90 ಸೆಂಟಿಮೀಟರ್ ಉದ್ದ, ಅಗಲ, ಆಳ. ಜಿಗುಟು ಮಣ್ಣಿನಲ್ಲಿ 60 ಸಾಕು, ಇಲ್ಲದಿದ್ದರೆ ಗುಂಡಿಯೇ ಬಾವಿಯಾಗಿ ಸಸಿ ಕೊಳೆಯುತ್ತದೆ. ಬಸಿಯುವ ಮಣ್ಣಿನಲ್ಲಿ ಮೇ–ಜೂನ್‌ನಲ್ಲಿ ನೆಡಬಹುದು. ನೀರು ನಿಲ್ಲುವ ಕಡೆ ಮಳೆಯ ಜೋರು ತಗ್ಗಿದ ಮೇಲೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ.

## ಗಿಡಕ್ಕೆಷ್ಟು, ಎಕರೆಗೆಷ್ಟು

ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಬೇಕು. ಜೊತೆಗೆ 12 ಕಿಲೊ ಹಸಿರೆಲೆ, 12 ಕಿಲೊ ಕಾಂಪೋಸ್ಟ್. ಮೊದಲ ವರ್ಷ ರಸಗೊಬ್ಬರದ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ, ಮೂರನೇ ವರ್ಷದಿಂದ ಪೂರ್ತಿ ಪ್ರಮಾಣ. ಬೆಳೆದ ತೆಂಗಿಗೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್, ಜೊತೆಗೆ ಸುಮಾರು 50 ಕಿಲೊ ಕೊಟ್ಟಿಗೆ ಗೊಬ್ಬರ.

ಇವು ಪೋಷಕಾಂಶದ ತೂಕ, ಚೀಲದಲ್ಲಿರುವ ಗೊಬ್ಬರದ ತೂಕವಲ್ಲ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ಯೂರಿಯಾದಲ್ಲಿ ಸಾರಜನಕ ಶೇ 46 ಮಾತ್ರ, ಆದ್ದರಿಂದ 100 ಗ್ರಾಂ ಸಾರಜನಕಕ್ಕೆ 100 ÷ 0.46, ಅಂದರೆ 217 ಗ್ರಾಂ ಯೂರಿಯಾ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಶೇ 60, ಆದ್ದರಿಂದ 140 ಗ್ರಾಂಗೆ 233 ಗ್ರಾಂ. ರಂಜಕಕ್ಕೆ ಮಾತ್ರ ಮಣ್ಣು ನೋಡಬೇಕು. ಶಿಲಾರಂಜಕ ಹುಳಿ ಮಣ್ಣಿನಲ್ಲಿ ಮಾತ್ರ ನಿಧಾನವಾಗಿ ಕರಗುತ್ತದೆ, ಹಾಗಾಗಿ ಮಲೆನಾಡು, ಕರಾವಳಿಗೆ ಅದು ಸರಿ. ರಸಸಾರ 7ರ ಆಸುಪಾಸು ಅಥವಾ ಅದಕ್ಕಿಂತ ಮೇಲಿರುವ ಬಯಲುಸೀಮೆಯ ಮಣ್ಣಿಗೆ ಹಾಕಿದರೆ ಅದು ಕರಗದೆ ಹಾಗೇ ಕೂರುತ್ತದೆ. ಅಲ್ಲಿ ಸೂಪರ್ ಫಾಸ್ಫೇಟ್ ಬಳಸಬೇಕು. ಅದರಲ್ಲಿ ರಂಜಕ ಶೇ 16, ಆದ್ದರಿಂದ ಗಿಡಕ್ಕೆ 250 ಗ್ರಾಂ. ಮಲೆನಾಡಿನ ಕೈಪಿಡಿಯನ್ನು ಹಾಗೇ ತಂದು ತಿಪಟೂರಿನಲ್ಲಿ ಅನುಸರಿಸಿದರೆ ಆಗುವ ನಷ್ಟ ಇದು.

ಈಗ ಎಕರೆಗೆ ಗುಣಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. 555 ಅಡಿಕೆಗೆ ರಂಜಕ 22 ಕಿಲೊ, ಪೊಟ್ಯಾಷ್ 78 ಕಿಲೊ. 70 ತೆಂಗಿಗೆ ರಂಜಕ 22 ಕಿಲೊ, ಪೊಟ್ಯಾಷ್ 84 ಕಿಲೊ. ಒಂದೊಂದು ಮರಕ್ಕೆ ಎಂಟರಷ್ಟು ವ್ಯತ್ಯಾಸವಿದ್ದರೂ ಎಕರೆಯ ಲೆಕ್ಕದಲ್ಲಿ ಇವೆರಡು ಹೆಚ್ಚೂಕಡಿಮೆ ಒಂದೇ. ಸಾರಜನಕ ಮಾತ್ರ ಅಡಿಕೆಗೆ 55 ಕಿಲೊ, ತೆಂಗಿಗೆ 35. ಹಾಗಾಗಿ ಅಡಿಕೆಯನ್ನು ಹತ್ತಿರ ನೆಟ್ಟು ಗಿಡ ಹೆಚ್ಚಿಸಿದವರು ಗೊಬ್ಬರವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕಾಗುತ್ತದೆ. ಬಹಳ ಜನ ಹೆಚ್ಚಿಸುವುದಿಲ್ಲ.

ಎರಡೂ ಬೆಳೆಗೆ ಪೊಟ್ಯಾಷ್ ಯಾಕೆ ಇಷ್ಟು ಬೇಕು? ಎಲೆಯ ರಂಧ್ರಗಳು ತೆರೆದು ಮುಚ್ಚುವುದನ್ನು, ಆ ಮೂಲಕ ನೀರಿನ ಬಳಕೆಯನ್ನು ನಿಯಂತ್ರಿಸುವುದು ಪೊಟ್ಯಾಷ್. ಮೇಲಾಗಿ ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಷ್ ತುಂಬಿಕೊಂಡಿರುತ್ತದೆ. ಸಿಪ್ಪೆ ನಾರಿನ ಕಾರ್ಖಾನೆಗೆ ಹೋದರೆ ತೋಟದ ಪೊಟ್ಯಾಷ್ ಅದರ ಜೊತೆಗೇ ಹೋಯಿತು. ಸಿಪ್ಪೆಯನ್ನು ಪಾತಿಯ ಸುತ್ತ ಹೂಳಿದರೆ ಅದರಲ್ಲಿ ಒಂದಷ್ಟು ಮಣ್ಣಿಗೆ ಮರಳುತ್ತದೆ, ತೇವವೂ ಉಳಿಯುತ್ತದೆ.

ಹಾಕುವ ಜಾಗವನ್ನು ಬೇರು ಹೇಳುತ್ತದೆ. ತೆಂಗಿಗೆ 1.8ರಿಂದ 2 ಮೀಟರ್ ತ್ರಿಜ್ಯದ ಪಾತಿ, ಅಡಿಕೆಗೆ 75 ಸೆಂಟಿಮೀಟರಿನಿಂದ 1 ಮೀಟರ್. ಕಾಂಡದ ಬುಡಕ್ಕೆ ಸುರಿದರೆ ಪ್ರಯೋಜನವಿಲ್ಲ, ಹೀರುವ ಬೇರುಗಳಿರುವುದು ಅದರಾಚೆಗೆ. ಮಳೆಯಾಶ್ರಿತ ತೆಂಗಿಗೆ ಮೂರನೇ ಒಂದು ಭಾಗ ಮೇ–ಜೂನ್‌ನಲ್ಲಿ, ಉಳಿದದ್ದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ನೀರಾವರಿ ಅಡಿಕೆಗೆ ಸೆಪ್ಟೆಂಬರ್–ಅಕ್ಟೋಬರ್ ಒಂದು ಸಲ, ಫೆಬ್ರುವರಿ ಇನ್ನೊಂದು ಸಲ. ಯೂರಿಯಾವನ್ನು ಒಣ ಮಣ್ಣಿನ ಮೇಲೆ ಎರಚಿ ಬಿಟ್ಟರೆ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಕ್ಷಾರ ಮಣ್ಣಿನಲ್ಲಿ ಇದು ಇನ್ನೂ ಹೆಚ್ಚು. ತೇವವಿರುವಾಗ ಹಾಕಿ ಮಣ್ಣು ಮುಚ್ಚಬೇಕು.

## ಅಂತರಬೆಳೆಗೆ ಮೊದಲು ತೆಂಗಿನ ವಯಸ್ಸು ಕೇಳಿ

ತೆಂಗಿನ ನಡುವೆ ನೆಲ ಯಾವಾಗಲೂ ಖಾಲಿಯಿದ್ದರೂ ಬೆಳಕು ಯಾವಾಗಲೂ ಇರುವುದಿಲ್ಲ. ನೆಟ್ಟ ಮೊದಲ ಎಂಟು ವರ್ಷ ಬೆಳಕು ಧಾರಾಳ. ಬಾಳೆ, ತರಕಾರಿ, ದ್ವಿದಳ ಧಾನ್ಯ ಎಲ್ಲವೂ ಬರುತ್ತವೆ, ಗಿಡದ ಬುಡವನ್ನು ಬಿಟ್ಟು ಬೆಳೆಯಬೇಕು ಅಷ್ಟೇ. ಎಂಟರಿಂದ ಇಪ್ಪತ್ತೈದು ವರ್ಷದವರೆಗೆ ಗರಿಗಳು ಕೆಳಗೇ ಇದ್ದು ಅಡ್ಡಕ್ಕೆ ಹರಡಿರುವುದರಿಂದ ನೆಲಕ್ಕೆ ತಲುಪುವ ಬೆಳಕು ಸುಮಾರು ಶೇ 20 ಮಾತ್ರ. ಈ ಕಾಲದಲ್ಲಿ ನೆರಳು ತಡೆಯುವ ಶುಂಠಿ, ಅರಿಶಿನ, ಸುವರ್ಣಗೆಡ್ಡೆಯಂಥವು ಮಾತ್ರ. ಇಪ್ಪತ್ತೈದು ದಾಟಿದ ಮೇಲೆ ಮಂಡೆ ಎತ್ತರಕ್ಕೆ ಹೋಗಿ ಓರೆ ಬೆಳಕು ವರ್ಷವರ್ಷಕ್ಕೂ ಹೆಚ್ಚುತ್ತದೆ. ಕೋಕೋ, ಕಾಳುಮೆಣಸು, ಜಾಯಿಕಾಯಿ, ಬಯಲುಸೀಮೆಯಲ್ಲಾದರೆ ಅಡಿಕೆ ಒಳಗೆ ಬರಬೇಕಾದ್ದು ಆಗ. ಹದಿನೈದು ವರ್ಷದ ತೋಟಕ್ಕೆ ಅಡಿಕೆ ಇಟ್ಟು "ಗಿಡ ಮೇಲೇಳುತ್ತಿಲ್ಲ" ಎಂದು ಗೊಬ್ಬರ ಸುರಿಯುವವರಿದ್ದಾರೆ. ಕೊರತೆಯಿರುವುದು ಬೆಳಕಿನದು, ಅದನ್ನು ಚೀಲದಲ್ಲಿ ಕೊಡಲಾಗುವುದಿಲ್ಲ.

ಬರೀ ಅಡಿಕೆ ತೋಟದಲ್ಲಿ ಕ್ರಮ ಬೇರೆ. ಆರಂಭದ ವರ್ಷಗಳಲ್ಲಿ ನಾಲ್ಕು ಅಡಿಕೆಯ ನಡುವೆ ಒಂದು ಬಾಳೆ ಇಡುತ್ತಾರೆ. ಅದು ಫಸಲಿಗೂ ಆಯಿತು, ಎಳೆ ಅಡಿಕೆಗೆ ನೆರಳಿಗೂ ಆಯಿತು. ಕಂದುಗಳನ್ನು ಕೀಳದೆ ಬಿಟ್ಟರೆ ಮಾತ್ರ ಅದೇ ಬಾಳೆ ಪೈಪೋಟಿಗೆ ಇಳಿಯುತ್ತದೆ. ಕೋಕೋವನ್ನು ಸಾಲು ಬಿಟ್ಟು ಸಾಲಿನಲ್ಲಿ, 2.7 × 5.4 ಮೀಟರಿಗೆ ನೆಡಬೇಕು. ಕಾಳುಮೆಣಸು ಅಡಿಕೆಗೆ ಆರೆಂಟು ವರ್ಷವಾಗಿ ಕಾಂಡ ಗಟ್ಟಿಯಾದ ಮೇಲೆ. ಬುಡದಿಂದ 75 ಸೆಂಟಿಮೀಟರ್ ದೂರದಲ್ಲಿ, ಉತ್ತರದ ಬದಿಗೆ ಗುಂಡಿ ತೆಗೆದು ನೆಟ್ಟರೆ ದಕ್ಷಿಣದ ಬಿಸಿಲಿಗೆ ಮರದ ಕಾಂಡವೇ ಅಡ್ಡ ನಿಲ್ಲುತ್ತದೆ. ಮೆಣಸಿಗೆ ಬುಡದಲ್ಲಿ ನೀರು ನಿಲ್ಲುವುದು ಆಗದು, ಶೀಘ್ರ ಸೊರಗು ರೋಗ ಬರುವುದು ಅಲ್ಲಿಂದಲೇ. ಮರ ಹತ್ತಿ ಕೊನೆ ಕೀಳುವ ಕಡೆ ಬಳ್ಳಿ ತುಳಿತಕ್ಕೂ ಸಿಗುತ್ತದೆ, ದೋಟಿಯಲ್ಲಿ ಕೀಳುವವರಿಗೆ ಆ ತೊಂದರೆ ಕಡಿಮೆ.

## ಒಂದು ಎಕರೆ ತೆಂಗಿನಲ್ಲಿ ಅಡಿಕೆ: ಪೂರ್ತಿ ಲೆಕ್ಕ

ತಿಪಟೂರಿನ ಕಡೆಯ ಒಂದು ಎಕರೆ ತೋಟವನ್ನು ಊಹಿಸಿಕೊಳ್ಳೋಣ. ಮೂವತ್ತು ವರ್ಷದ 70 ಎತ್ತರದ ತಳಿಯ ತೆಂಗು, ಅಂತರ 7.5 ಮೀಟರ್, ಕೊಳವೆಬಾವಿ ನೀರು. ಇದರಲ್ಲಿ ಎಷ್ಟು ಅಡಿಕೆ ಹಿಡಿಯುತ್ತದೆ?

ತೆಂಗಿನ ಪಾತಿಗೆ 2 ಮೀಟರ್, ಅಡಿಕೆ ಪಾತಿಗೆ 1 ಮೀಟರ್ ಬೇಕು. ಅಂದರೆ ತೆಂಗಿನ ಸಾಲಿನಿಂದ ಅಡಿಕೆ ಸಾಲು ಕನಿಷ್ಠ 3 ಮೀಟರ್ ದೂರವಿರಬೇಕು. ಎರಡು ತೆಂಗಿನ ಸಾಲುಗಳ ನಡುವಿನ 7.5 ಮೀಟರಿನಲ್ಲಿ ಎರಡೂ ಕಡೆ 3 ಬಿಟ್ಟರೆ ಉಳಿಯುವುದು ಒಂದೂವರೆ ಮೀಟರ್. ಅಲ್ಲಿ ಒಂದೇ ಸಾಲಿಗೆ ಜಾಗ. ಎರಡು ಸಾಲು ಬೇಕಿದ್ದರೆ ತೆಂಗಿನ ಅಂತರ 9 ಮೀಟರಾದರೂ ಇರಬೇಕು: 3.15, ನಡುವೆ 2.7, ಮತ್ತೆ 3.15. ಇರುವ 7.5 ಮೀಟರಿನಲ್ಲೇ ಎರಡು ಸಾಲು ತುರುಕಿದರೆ ಪಾತಿಗಳು ಒಂದರೊಳಗೊಂದು ಸೇರುತ್ತವೆ, ತೆಂಗಿಗೆ ಹಾಕಿದ್ದನ್ನು ಅಡಿಕೆ ತಿನ್ನುತ್ತದೆ.

ಸಾಲಿನ ಮಧ್ಯದಲ್ಲಿ 2.7 ಮೀಟರಿಗೊಂದರಂತೆ ಒಂದು ಸಾಲು ನೆಟ್ಟರೆ ಪ್ರತಿ ಅಡಿಕೆಗೆ 7.5 × 2.7, ಅಂದರೆ 20.25 ಚದರ ಮೀಟರ್. ಎಕರೆಗೆ 200 ಗಿಡ. ಇಲ್ಲಿ ಸಾಲಿನ ದಿಕ್ಕನ್ನು ತೆಂಗೇ ತೀರ್ಮಾನಿಸಿಬಿಟ್ಟಿರುತ್ತದೆ, 35 ಡಿಗ್ರಿಯ ಓರೆ ಸಾಧ್ಯವಿಲ್ಲ. ಮೇಲಿನ ತೆಂಗಿನ ನೆರಳು ಅದರ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ.

ಗೊಬ್ಬರ: ಅಡಿಕೆ ಫಲಕ್ಕೆ ಬಂದ ಮೇಲೆ ತೆಂಗಿಗೆ 76 ಕಿಲೊ ಯೂರಿಯಾ, 140 ಕಿಲೊ ಸೂಪರ್ ಫಾಸ್ಫೇಟ್, 140 ಕಿಲೊ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಅಡಿಕೆಗೆ 43, 50 ಮತ್ತು 47 ಕಿಲೊ. ತೆಂಗಿನ ಪಾಲನ್ನು ತಗ್ಗಿಸಿ ಅಡಿಕೆಗೆ ಹಂಚುವಂತಿಲ್ಲ, ಎರಡರದ್ದೂ ಪೂರ್ತಿ, ಅವವುಗಳ ಪಾತಿಗೇ.

ನೀರು: ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಅಡಿಕೆಗೆ ದಿನಕ್ಕೆ 16–20 ಲೀಟರ್, ತೆಂಗಿಗೆ ಸುಮಾರು 30 ಲೀಟರ್. 200 ಅಡಿಕೆಗೆ 18ರಂತೆ 3,600, ತೆಂಗಿಗೆ 2,100, ಒಟ್ಟು 5,700 ಲೀಟರ್. ಇದೇ ಎಕರೆ ಬರೀ ಅಡಿಕೆಯಾಗಿದ್ದರೆ 555 ಗಿಡಕ್ಕೆ ಸುಮಾರು 10,000 ಲೀಟರ್ ಬೇಕಿತ್ತು. ಬರೀ ತೆಂಗಿಗೆ ಹರಿಸುತ್ತಿದ್ದ ಬಾವಿಯ ಮೇಲೆ ಭಾರ ಎರಡೂಮುಕ್ಕಾಲು ಪಟ್ಟು ಆಗುತ್ತದೆ. ಏಪ್ರಿಲ್‌ನಲ್ಲಿ ಆ ಬಾವಿ ಗಂಟೆಗೆಷ್ಟು ನೀರು ಕೊಡುತ್ತದೆ, ಕರೆಂಟ್ ಎಷ್ಟು ಗಂಟೆ ಇರುತ್ತದೆ ಎಂದು ಅಳೆಯದೆ ಸಸಿಗೆ ಮುಂಗಡ ಕೊಡಬಾರದು. ತೆಂಗು ಒಂದು ಬೇಸಿಗೆ ಹೇಗೋ ತಡೆದುಕೊಂಡೀತು, ಅಡಿಕೆ ತಡೆಯುವುದಿಲ್ಲ.

ಈ ಲೆಕ್ಕ ಎಲ್ಲಿ ಹೊಂದುವುದಿಲ್ಲ ಎಂಬುದನ್ನೂ ನೋಡಬೇಕು. ಗಿಡ್ಡ ತಳಿಯ ತೆಂಗಾದರೆ ಕೆಲವೇ ವರ್ಷಗಳಲ್ಲಿ ಅಡಿಕೆ ಅದನ್ನು ಮೀರಿ ಬೆಳೆದು ತೆಂಗಿಗೇ ನೆರಳಾಗುತ್ತದೆ. ತೆಂಗಿನ ಕಾಂಡದ ಬುಡದ ಬಿರುಕಿನಿಂದ ಕಂದು ರಸ ಒಸರುತ್ತಿದ್ದರೆ ಅಣಬೆ ರೋಗದ ಅನುಮಾನ ಪಡಬೇಕು. ಅಡಿಕೆಗೂ ಅದು ತಗಲುತ್ತದೆ, ಬೇರಿನಿಂದ ಬೇರಿಗೆ ಹರಡುತ್ತದೆ, ಆ ತೋಟಕ್ಕೆ ಅಡಿಕೆ ಬೇಡ. ಇನ್ನೊಂದು ಸಣ್ಣ ವಿಷಯ, ಪುಸ್ತಕದಲ್ಲಿ ಸಿಗುವುದು ಕಡಿಮೆ: ಮೇಲಿಂದ ಬೀಳುವ ಒಣ ಗರಿ ಎಳೆ ಅಡಿಕೆಯ ಸುಳಿಯನ್ನೇ ಮುರಿಯುತ್ತದೆ. ಒಣ ಗರಿಗಳನ್ನು ಆಗಾಗ ಇಳಿಸುತ್ತಿರಬೇಕು.

## ಕೊರತೆಯನ್ನು ಎಲೆಯಲ್ಲಿ ಓದುವುದು

ಹಳದಿ ಎಲೆ ಕಂಡ ಕೂಡಲೇ ಯೂರಿಯಾ ಎನ್ನುವ ಮೊದಲು ಯಾವ ಎಲೆ ಹಳದಿಯಾಗಿದೆ, ಎಲ್ಲಿಂದ ಶುರುವಾಗಿದೆ ಎಂದು ನೋಡಿ. ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತವೆ. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗಿಸುತ್ತದೆ, ಹಾಗಾಗಿ ಲಕ್ಷಣ ಕೆಳಗಿನ ಎಲೆಯಲ್ಲಿ ಮೊದಲು. ಇಡೀ ಎಲೆ ಒಂದೇ ಸಮ ತಿಳಿಹಳದಿಯಾದರೆ ಸಾರಜನಕ. ತುದಿ, ಅಂಚಿನಿಂದ ಶುರುವಾಗಿ ಕಿತ್ತಳೆ ಚುಕ್ಕೆಗಳೊಂದಿಗೆ ಒಣಗುತ್ತಾ ಬಂದರೆ ಪೊಟ್ಯಾಷ್. ಬಿಸಿಲಿಗೆ ತೆರೆದ ಭಾಗ ಹಳದಿಯಾಗಿ ನಡುದಿಂಡಿನ ಹತ್ತಿರ ಹಸಿರು ಉಳಿದಿದ್ದರೆ ಮೆಗ್ನೀಸಿಯಂ. ವರ್ಷವರ್ಷವೂ ಪೊಟ್ಯಾಷ್ ಹೆಚ್ಚು ಹಾಕುವ ತೋಟದಲ್ಲಿ ಈ ಮೂರನೆಯದು ಬರುವುದುಂಟು, ಯಾಕೆಂದರೆ ಬೇರು ಹೀರುವಾಗ ಇವೆರಡು ಒಂದಕ್ಕೊಂದು ಪೈಪೋಟಿ. ತೆಂಗಿಗೆ ವರ್ಷಕ್ಕೆ 500 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕೊಡುವುದು ಇದಕ್ಕೆ.

ಬೋರಾನ್ ಹಾಗಲ್ಲ, ಗಿಡದೊಳಗೆ ಸುಲಭವಾಗಿ ಓಡಾಡುವುದಿಲ್ಲ. ಅದರ ಕೊರತೆ ಹೊಸ ಎಲೆಯಲ್ಲೇ ಕಾಣುತ್ತದೆ: ಎಳೆ ಗರಿಯ ಎಸಳುಗಳು ಬಿಡಿಸಿಕೊಳ್ಳದೆ ಅಂಟಿಕೊಂಡಿರುತ್ತವೆ, ತುದಿ ಕೊಕ್ಕೆಯಂತೆ ಸುರುಟುತ್ತದೆ, ಎಳೆ ಕಾಯಿ ಉದುರುತ್ತದೆ. ತೆಂಗಿಗೆ 50 ಗ್ರಾಂ ಬೊರಾಕ್ಸ್ ಪಾತಿಗೆ ಹಾಕಿದರೆ ಮುಂದೆ ಬರುವ ಎಲೆಗಳು ಸರಿಯಾಗುತ್ತವೆ. ಕೈ ಅಳತೆಯಲ್ಲಿ ಎಸೆಯುವ ವಸ್ತು ಇದಲ್ಲ, ಹೆಚ್ಚಾದರೆ ಬೋರಾನ್ ವಿಷ.

ಸರಿಪಡಿಸಿದ್ದರ ಫಲ ಇಳುವರಿಯಲ್ಲಿ ಯಾವಾಗ ಕಾಣುತ್ತದೆ ಎಂಬುದಕ್ಕೂ ಲೆಕ್ಕವಿದೆ. ತೆಂಗಿನ ಹೊಂಬಾಳೆಯ ಮೊಳಕೆ ಮಂಡೆಯೊಳಗೆ ಮೂಡಿದಾಗಿನಿಂದ ಅದು ಹೊರಬಂದು ಕಾಯಿ ಬಲಿಯುವವರೆಗೆ ಸುಮಾರು 44 ತಿಂಗಳು ಹಿಡಿಯುತ್ತದೆ. ಈ ಮಳೆಗಾಲದಲ್ಲಿ ಕೊಟ್ಟ ಗೊಬ್ಬರಕ್ಕೆ ಎಲೆಯ ಬಣ್ಣ ಮೊದಲು ಉತ್ತರ ಕೊಡುತ್ತದೆ, ಕಾಯಿಯ ಸಂಖ್ಯೆ ಎರಡು ಮೂರು ವರ್ಷ ಕಳೆದ ಮೇಲೆ. ಮೊದಲ ವರ್ಷವೇ ಇಳುವರಿ ಏರಲಿಲ್ಲವೆಂದು ಎರಡನೇ ವರ್ಷ ಗೊಬ್ಬರ ನಿಲ್ಲಿಸಿದರೆ, ಆಗ ಮಂಡೆಯೊಳಗೆ ಮೂಡುತ್ತಿರುವ ಹೊಂಬಾಳೆಗಳು ಸೊರಗಿ, ಅದರ ನಷ್ಟವೂ ಅಷ್ಟೇ ತಡವಾಗಿ ಕೊಯ್ಲಿನಲ್ಲಿ ಕಾಣುತ್ತದೆ.